ಬಕೆಟ್ ನೀರಿನಲ್ಲಿ ಯಾರು ಮುಳುಗ್ತಾರೆ ಅಂತೀರಾ?

ನಲ್ಲಿಯಲ್ಲಿ ನೀರು ಬರುವ ದಿನ ಯಾವುದೇ ಮನೆಗೆ ಹೋಗಿ ನೋಡಿ. ಬಿಂದಿಗೆ, ಡ್ರಮ್ಮು, ಬಕೆಟ್ಟು ಎಲ್ಲವೂ ಕಂಠದವರೆಗೆ ತುಂಬಿರುತ್ತವೆ. ವಾರಕ್ಕೊಮ್ಮೆ ನೀರು ಬಿಡುವ ಊರಲ್ಲಿ ಇನ್ನೇನು ಮಾಡಬೇಕು? ತುಂಬಿಸಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅವುಗಳಿಗೆ ಮುಚ್ಚಳವಿಲ್ಲ, ಬಚ್ಚಲ ಬಾಗಿಲಿಗೆ ಚಿಲಕವಿಲ್ಲ, ತಕರಾರು ಅದಕ್ಕೆ.

ಹೇಳಿದರೆ ನಗುತ್ತೀರಿ. ಸ್ವಲ್ಪ ಲೆಕ್ಕ ಹಾಕಿ. ವರ್ಷದ ಮಗುವಿನ ತೂಕ ಸುಮಾರು 9 ಕಿಲೋ. ತುಂಬಿದ 20 ಲೀಟರ್ ಬಕೆಟ್ಟಿನ ನೀರೇ 20 ಕಿಲೋ. ಆ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ಭಾರ. ಮಗು ಅಂಚು ಹಿಡಿದು ನಿಲ್ಲುತ್ತದೆ, ತೇಲುವ ಚೊಂಬಿಗೆ ಕೈಚಾಚುತ್ತದೆ, ಎದೆ ಅಂಚು ದಾಟಿದ ಕೂಡಲೇ ತಲೆ ಒಳಗೆ, ಕಾಲು ಮೇಲೆ. ತೋಳಿನಲ್ಲಿ ಮೈಯೆತ್ತುವ ಕಸುವಿಲ್ಲ. ಖಾಲಿ ಬಕೆಟ್ಟಾಗಿದ್ದರೆ ಮಗುವಿನ ಜೊತೆ ಉರುಳುತ್ತಿತ್ತು, ತುಂಬಿದ್ದು ಅಲುಗುವುದಿಲ್ಲ. ಬಾಯಿ ನೀರಿನೊಳಗಿರುವಾಗ ಅಳು ಎಲ್ಲಿಂದ ಬರಬೇಕು? ನೀವು ಮಾತ್ರ ಅಡುಗೆಮನೆಯಲ್ಲಿ, ಏನಾದರೂ ಆದರೆ ಸದ್ದು ಕೇಳುತ್ತದೆ ಎಂದು ನೆಮ್ಮದಿಯಾಗಿದ್ದೀರಿ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಒಂದು ಫೋನ್ ಮಾತಿಗೆ ಅಷ್ಟು ಹೊತ್ತು ಬೇಕು.

ಬಳಸಿದ ಬಕೆಟ್ಟನ್ನು ಖಾಲಿ ಮಾಡಿ ಕವುಚಿಡುವುದು, ಡ್ರಮ್ಮಿನ ಮುಚ್ಚಳಕ್ಕೆ ಹಗ್ಗ ಬಿಗಿಯುವುದು, ಬಚ್ಚಲ ಬಾಗಿಲಿಗೆ ಹೊರಗಿನಿಂದ, ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸುವುದು: ಇಷ್ಟಕ್ಕೆ ಎಷ್ಟು ಖರ್ಚಾಗುತ್ತದೆ? ಮನೆಮುಂದಿನ ಸಂಪಿನ ತಗಡು ಸರಿದು ಎಷ್ಟು ದಿನವಾಯಿತು?

ಇನ್ನು ‘ಮನೆ ತುಂಬ ಜನ ಇದ್ದರು’ ಎಂಬ ಮಾತು. ಜನ ಇದ್ದರು, ಸರಿ. ನೋಡುತ್ತಿದ್ದವರು ಯಾರು? ಮಗು ಅಮ್ಮನ ಹತ್ತಿರ ಇದೆ ಎಂದು ಅಜ್ಜಿ ಅಂದುಕೊಂಡರು, ಅಮ್ಮ ಅತ್ತಿಗೆಯ ಹತ್ತಿರ ಎಂದುಕೊಂಡಳು, ಜಗಲಿಯಲ್ಲಿ ಕೂತ ಗಂಡಸರಿಗೆ ಅದು ತಮ್ಮ ಕೆಲಸವೇ ಅಲ್ಲ. ಬಾಂಗ್ಲಾದೇಶದಲ್ಲಿ ಪುಟ್ಟ ಮಕ್ಕಳು ಮುಳುಗುವುದು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ, ತಾಯಂದಿರು ಮನೆಗೆಲಸದಲ್ಲಿ ಮುಳುಗಿರುವಾಗ ಎಂದು ಗೊತ್ತಾದ ಮೇಲೆ, ಅದೇ ಹೊತ್ತಿಗೆ ಹಳ್ಳಿಗಳಲ್ಲಿ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದರು. ಸಾವು ಇಳಿಯಿತು. ನಮ್ಮಲ್ಲಿ ಆ ಹೊತ್ತಿಗೆ ಎರಡು ವರ್ಷದ ತಮ್ಮನನ್ನು ಏಳು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ಹೊಲಕ್ಕೆ ಹೋಗುತ್ತೇವೆ. ಅವಳೂ ಮಗುವೇ. ಅವನು ಜಾರಿದರೆ ಹಿಡಿಯಲು ಹೋಗಿ ಅವಳೂ ಜಾರುತ್ತಾಳೆ. ದೊಡ್ಡವರೊಬ್ಬರು ಮಗುವಿಗೆ ಕೈಗೆಟುಕುವಷ್ಟು ಹತ್ತಿರ ಇರಬೇಕು. ಎದ್ದು ಹೋಗುವಾಗ ‘ಇನ್ನು ನೀನು ನೋಡ್ಕೋ’ ಎಂದು ಹೆಸರು ಹಿಡಿದು ಹೇಳಿ, ‘ಹೂಂ’ ಎನಿಸಿಕೊಂಡೇ ಏಳಬೇಕು.

ತೋಟದ ಬಾವಿಗೆ ಕಟ್ಟೆ ಇದೆ ಎನ್ನುವವರು ಅದಕ್ಕೆ ಒರಗಿಸಿಟ್ಟ ಬಟ್ಟೆ ಒಗೆಯುವ ಕಲ್ಲನ್ನೂ ನೋಡಲಿ. ಮಗುವಿಗೆ ಅದೇ ಮೆಟ್ಟಿಲು. ಕೃಷಿ ಹೊಂಡವಂತೂ ಬಾವಿಗಿಂತ ಮೋಸದ್ದು. ಮೂರು ಮೀಟರ್ ಆಳ, ಇಳಿಜಾರಿನ ಬದಿ, ಅದರ ಮೇಲೆ ಪಾಲಿಥೀನ್ ಹಾಳೆ, ಹಾಳೆಯ ಮೇಲೆ ಪಾಚಿ. ಈಜು ಬಲ್ಲ ಹುಡುಗನೂ ಅಂಚಿಗೆ ಬಂದು ಹತ್ತಲಾರದೆ ಸೋಲುತ್ತಾನೆ. ಕೃಷಿ ಭಾಗ್ಯದಲ್ಲಿ ಹೊಂಡದ ಜೊತೆ ತಂತಿ ಬೇಲಿಯೂ ಸೇರಿದೆ. ಆದರೂ ಬೇಲಿ ಇಲ್ಲದ ಹೊಂಡಗಳು ಎಷ್ಟಿಲ್ಲ! ಗೂಟಕ್ಕೆ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಬದಿಯಿಂದ ನೀರಿನೊಳಕ್ಕೆ ಇಳಿಬಿಡುವುದಕ್ಕೆ ಯಾವ ಇಲಾಖೆಯ ಮಂಜೂರಾತಿ ಬೇಕು?

ಮಗು ಮುಳುಗಿದ ಮೇಲೆ ನಾವು ಮಾಡುವುದು ಇನ್ನೂ ಘೋರ. ಕಾಲು ಹಿಡಿದು ತಿರುಗಿಸುತ್ತೇವೆ, ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತೇವೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮೊಬೈಲಿನಲ್ಲಿ ಬಂದ ಸುಳ್ಳು ನಂಬಿ, ಸತ್ತ ಹುಡುಗನನ್ನು ಬದುಕಿಸಲು ಗಂಟೆಗಟ್ಟಲೆ ಉಪ್ಪಿನಲ್ಲಿ ಹೂತಿಟ್ಟರು. ಆ ತಂದೆತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಸುಳ್ಳನ್ನು ಮರುಯೋಚಿಸದೆ ಹತ್ತು ಜನಕ್ಕೆ ದಾಟಿಸುವವರ ಮೇಲಿದೆ. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು. ಮುಳುಗಿದ ಮಗುವಿಗೆ ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗದ್ದ ತುಸು ಎತ್ತಿ, ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು, ಎದೆ ಮೇಲೇಳುವಂತೆ ಐದು ಬಾರಿ ಊದಬೇಕು. ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಮೇಲೂ ಚಲನೆ ಕಾಣದಿದ್ದರೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಊದಿ, ಮತ್ತೆ ಒತ್ತಿ; ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮಗು ಕಣ್ಣುಬಿಟ್ಟು ಅತ್ತಿತೆಂದು ಮನೆಗೆ ಎತ್ತಿಕೊಂಡು ಹೋಗಬೇಡಿ. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು ಶುರುವಾಗಬಹುದು. ಆಗ ಮಗು ಆಸ್ಪತ್ರೆಯಲ್ಲೇ ಇರಬೇಕು.