ಅಧ್ಯಕ್ಷರ ಮಾತು: ಉಬ್ಬಿಸುವುದೂ ಬೇಡ, ಕುಗ್ಗಿಸುವುದೂ ಬೇಡ



ಮಾರ್ಚ್ 31ಕ್ಕೆ ಲೆಕ್ಕ ಮುಗಿದು, ಆಡಿಟ್ ಆಗಿ, ಸೆಪ್ಟೆಂಬರ್ ಹೊತ್ತಿಗೆ ಊರೂರಿನ ಸಹಕಾರ ಸಂಘಗಳ ಸರ್ವಸಾಧಾರಣ ಸಭೆ ಬರುತ್ತದೆ. ಸಭೆಗೆ ಅಚ್ಚಾಗುವ ವಾರ್ಷಿಕ ವರದಿಯ ಮೊದಲ ಪುಟದಲ್ಲಿ 'ಅಧ್ಯಕ್ಷರ ಮಾತು' ಇರುತ್ತದಲ್ಲ, ಈ ಸಲ ಅದನ್ನು ಬರೆಯುವ ಬಗೆ ನೋಡೋಣ. ಇದೇನು ಗಂಡಸರ ವಿಷಯ ಅನ್ನಬೇಡಿ. ಆಡಳಿತ ಮಂಡಳಿಗಳಲ್ಲಿ ಈಗ ನಮಗೆ ಮೀಸಲು ಸ್ಥಾನ ಇದೆ. ಮಹಿಳಾ ಹಾಲು ಸಂಘ, ಮಹಿಳಾ ಪತ್ತಿನ ಸಂಘಗಳಲ್ಲಂತೂ ಅಧ್ಯಕ್ಷರ ಕುರ್ಚಿಯಲ್ಲಿ ಕೂಡುವವರೂ ನಾವೇ.

ನಮ್ಮ ಲಕ್ಕಲಕಟ್ಟಿ ಇರುವುದು ಗದಗ ಜಿಲ್ಲೆಯಲ್ಲಿ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಇದನ್ನೇ ಹೊಗಳಿ ಅರ್ಧ ಪುಟ ತುಂಬಿಸೋದು ಸುಲಭ. ಆದರೆ ಸಭೆಗೆ ಬಂದಾಕೆಗೆ ಬೇಕಾದದ್ದು ಬೇರೆ: ನನ್ನ ಠೇವಣಿ ಭದ್ರವಾಗಿದೆಯೇ, ಸಾಲ ತಗೊಂಡವರು ತಿರುಗಿ ಕಟ್ಟಿದರೇ? ಹಾಗಾಗಿ ಕಣಗಿನಹಾಳಕ್ಕೆ ಒಂದು ಸಾಲು ಸಾಕು.

ಒಂದು ಚಿಕ್ಕ ಮಹಿಳಾ ಪತ್ತಿನ ಸಂಘವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಠೇವಣಿ ಹೋದ ವರ್ಷ 38 ಲಕ್ಷ ಇತ್ತು, ಈ ವರ್ಷ 44 ಲಕ್ಷ. ಹೊರಗಿರುವ ಸಾಲ 32 ಲಕ್ಷದಿಂದ 36 ಲಕ್ಷಕ್ಕೆ ಏರಿದೆ. ನಿವ್ವಳ ಲಾಭ 96 ಸಾವಿರದಿಂದ 1 ಲಕ್ಷ 8 ಸಾವಿರ ಆಗಿದೆ. ಕಟಬಾಕಿ ಮಾತ್ರ 3 ಲಕ್ಷ 20 ಸಾವಿರ ಇದ್ದದ್ದು 5 ಲಕ್ಷ 40 ಸಾವಿರಕ್ಕೆ ಹೋಗಿದೆ. ಕಾರ್ಯದರ್ಶಿ ಹಳೆಯ ವರದಿ ನೋಡಿಕೊಂಡು ಬರೆದ ಕರಡು ಹೀಗಿದೆ ಅನ್ನಿ: "ಸಂಘವು ಸರ್ವತೋಮುಖ ಪ್ರಗತಿ ಸಾಧಿಸಿದ್ದು, ಲಾಭ ಗಣನೀಯವಾಗಿ ಹೆಚ್ಚಿದೆ. ಬರಗಾಲದಿಂದ ವಸೂಲಿ ಸ್ವಲ್ಪ ಕುಂಠಿತವಾಗಿದೆ. ಮುಂದಿನ ವರ್ಷ ದುಪ್ಪಟ್ಟು ಪ್ರಗತಿಯಾಗಲಿದೆ."

ಮೊದಲು ಲಾಭದ ಮಾತು. 12 ಸಾವಿರ ಹೆಚ್ಚಿದ್ದು ನಿಜ. ಆದರೆ ಲಾಭ ನಷ್ಟದ ಪಟ್ಟಿ ತೆರೆದು ನೋಡಿದರೆ, ಖಾಲಿ ಬಿದ್ದಿದ್ದ ಒಂದು ನಿವೇಶನ ಮಾರಿದ್ದರಿಂದ ಬಂದ 30 ಸಾವಿರವೂ ಆ ಲಾಭದೊಳಗೇ ಸೇರಿದೆ. ಅದನ್ನು ತೆಗೆದರೆ ಸಾಲ ಠೇವಣಿಯ ದಿನದ ವ್ಯವಹಾರದಿಂದ ಬಂದದ್ದು 78 ಸಾವಿರ. ಅಂದರೆ ಹೋದ ವರ್ಷಕ್ಕಿಂತ 18 ಸಾವಿರ ಕಡಿಮೆ! ನಿವೇಶನ ಬರುವ ವರ್ಷ ಮತ್ತೆ ಮಾರಲಿಕ್ಕೆ ಬರುವುದಿಲ್ಲ. ಮನೆಯಲ್ಲಿ ಹಳೆಯ ತಾಮ್ರದ ಹಂಡೆ ಮಾರಿದ ತಿಂಗಳು ಕೈಯಲ್ಲಿ ದುಡ್ಡು ಹೆಚ್ಚಿರುತ್ತದೆ, ಆದರೆ ಸಂಬಳ ಹೆಚ್ಚಾಯಿತು ಅಂತ ಯಾರಿಗೂ ಹೇಳುವುದಿಲ್ಲವಲ್ಲ. ಇಲ್ಲಿಯೂ ಹಾಗೇ. ಲಾಭದ ಸಾಲು ಬರೆಯುವ ಮೊದಲು 'ಇದರಲ್ಲಿ ಒಂದೇ ಸಲ ಬಂದದ್ದು ಎಷ್ಟು?' ಎಂದು ಕಾರ್ಯದರ್ಶಿಯನ್ನು ಕೇಳಿ, ಅದನ್ನು ಬೇರೆ ಮಾಡಿ ಬರೆಯಬೇಕು.

ಇನ್ನು ಕಟಬಾಕಿ. ಹೋದ ವರ್ಷ ನೂರು ರೂಪಾಯಿ ಸಾಲದಲ್ಲಿ ಹತ್ತು ರೂಪಾಯಿ ಬಾಕಿ ನಿಂತಿತ್ತು, ಈಗ ಹದಿನೈದು. ಇದಕ್ಕೆ 'ಸ್ವಲ್ಪ ಕುಂಠಿತ' ಎಂಬ ಮಾತು ಸಲ್ಲದು. ಬರದ ಮಾತನ್ನೂ ತೂಗಿ ಆಡಬೇಕು. 2023ರಂತೆ ರಾಜ್ಯದ ಬಹುತೇಕ ತಾಲೂಕುಗಳಿಗೆ ಬರ ಬಡಿದ ವರ್ಷ ಜೋಳ, ಹೆಸರು, ಉಳ್ಳಾಗಡ್ಡಿ ನಂಬಿ ಸಾಲ ಮಾಡಿದವರು ಕಟ್ಟಲಾರದೆ ಹೋದದ್ದು ಸುಳ್ಳಲ್ಲ. ಆದರೆ ಮಳೆ ಕೈಕೊಡುವ ಮೊದಲೇ ಬಾಕಿ ನಿಂತ ಸಾಲವನ್ನು ಬರದ ಲೆಕ್ಕಕ್ಕೆ ಹಾಕಬಾರದು. ಅದಕ್ಕೆ ಬಾಕಿಯನ್ನು ಹಳೆಯದು, ಹೊಸದು ಎಂದು ಎರಡು ಪಾಲು ಮಾಡಿ. ನಮ್ಮ ಉದಾಹರಣೆಯಲ್ಲಿ ಹಳೆಯ 3 ಲಕ್ಷ 20 ಸಾವಿರದಲ್ಲಿ 60 ಸಾವಿರ ವಸೂಲಾಗಿ 2 ಲಕ್ಷ 60 ಸಾವಿರ ಉಳಿದಿದೆ, ಈ ವರ್ಷ ಹೊಸದಾಗಿ 2 ಲಕ್ಷ 80 ಸಾವಿರ ಸೇರಿದೆ. ಬರದ ಮಾತು ಹೊಸ ಬಾಕಿಗೆ ಮಾತ್ರ ಹೊಂದುತ್ತದೆ. ಆ 60 ಸಾವಿರ ವಸೂಲಿಯನ್ನೂ ಒಮ್ಮೆ ಪರೀಕ್ಷಿಸಿ. ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿಕೊಂಡಿದ್ದರೆ ಅದು ಬರೀ ಕಾಗದದ ವಸೂಲಿ. ಮಾರ್ಚ್ ಕೊನೆಯಲ್ಲಿ ಹಳೆ ಸಾಲ ಜಮಾ, ಅದೇ ದಿನ ಅದೇ ಹೆಸರಿಗೆ ಹೊಸ ಸಾಲ ಖರ್ಚು ಬಿದ್ದಿದ್ದರೆ ಇದು ಗೊತ್ತಾಗುತ್ತದೆ.

ಹಾಗಂತ ಎಲ್ಲಾ ಕಡೆ ತಲೆ ತಗ್ಗಿಸಿ ಬರೆಯುವುದೂ ಸರಿಯಲ್ಲ. "ಕೈಲಾದಷ್ಟು ಮಾಡಿದ್ದೇವೆ, ತಪ್ಪಿದ್ದರೆ ಕ್ಷಮಿಸಿ" ಎಂದು ಬರೆದರೆ ಅದು ವಿನಯವಾಗಿ ಕೇಳುವುದಿಲ್ಲ, ಠೇವಣಿ ಇಟ್ಟವರ ಎದೆ ಧಸಕ್ ಅನ್ನುತ್ತದೆ. ಕಷ್ಟದ ವರ್ಷದಲ್ಲೂ ಠೇವಣಿ 6 ಲಕ್ಷ ಏರಿದೆಯಲ್ಲ, ಅದನ್ನು ಗಟ್ಟಿ ದನಿಯಲ್ಲೇ ಹೇಳಬೇಕು. ಹೇಳುವಾಗ 'ಗಣನೀಯ', 'ಅಭೂತಪೂರ್ವ' ಬೇಡ, ಎರಡೂ ವರ್ಷದ ಅಂಕಿ ಜೊತೆಗಿಟ್ಟರೆ ಸಾಕು.

ಮುಂದಿನ ವರ್ಷದ ಮಾತಿಗೂ ಒಂದು ಗೆರೆ ಇದೆ. ಆಡಳಿತ ಮಂಡಳಿ ಠರಾವು ಮಾಡಿದ್ದನ್ನಷ್ಟೇ ಬರೆಯಿರಿ. ಡಿವಿಡೆಂಡನ್ನು ಮಂಡಳಿ ಶಿಫಾರಸು ಮಾಡುತ್ತದೆ, ಒಪ್ಪುವುದು ಸರ್ವಸಾಧಾರಣ ಸಭೆ. ಆದ್ದರಿಂದ 'ಕೊಡಲಾಗುವುದು' ಎಂದು ಬರೆಯಲು ಬರುವುದಿಲ್ಲ. ನಿವ್ವಳ ಲಾಭದ ನಾಲ್ಕನೇ ಒಂದು ಪಾಲು, ಇಲ್ಲಿ 27 ಸಾವಿರ, ಮೊದಲು ಕಾಯ್ದಿಟ್ಟ ನಿಧಿಗೆ ಹೋಗಬೇಕೆಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಸೇರಿದರೆ ಅಧ್ಯಕ್ಷರ ಮಾತು ಹೀಗೆ ಬರುತ್ತದೆ:

"ಸದಸ್ಯರೆ, ಈ ವರ್ಷ ನಮ್ಮ ಠೇವಣಿ 38 ಲಕ್ಷದಿಂದ 44 ಲಕ್ಷಕ್ಕೆ ಏರಿದೆ. ನಿವ್ವಳ ಲಾಭ 1 ಲಕ್ಷ 8 ಸಾವಿರ. ಇದರಲ್ಲಿ 30 ಸಾವಿರ ನಿವೇಶನ ಮಾರಾಟದಿಂದ ಬಂದದ್ದು. ವ್ಯವಹಾರದ ಲಾಭ 78 ಸಾವಿರವಾಗಿದ್ದು, ಹೋದ ವರ್ಷ ಅದು 96 ಸಾವಿರ ಇತ್ತು. ಇಳಿಯಲು ಮುಖ್ಯ ಕಾರಣ ಕಟಬಾಕಿ. ಅದು 5 ಲಕ್ಷ 40 ಸಾವಿರವಿದೆ. ಅರ್ಧದಷ್ಟು ಹಳೆಯದು, ಉಳಿದದ್ದು ಈ ವರ್ಷ ಬೆಳೆ ಹೋದವರದು. ಬಾಕಿದಾರರ ಮನೆಗಳಿಗೆ ಪ್ರತಿ ತಿಂಗಳು ಇಬ್ಬರು ನಿರ್ದೇಶಕರು ಹೋಗಬೇಕೆಂದು ಮಂಡಳಿ ಠರಾವು ಮಾಡಿದೆ. ಕಾಯ್ದಿಟ್ಟ ನಿಧಿಗೆ 27 ಸಾವಿರ ಸೇರಿಸಿ, ಹೋದ ವರ್ಷ ನೂರಕ್ಕೆ 10 ಇದ್ದ ಡಿವಿಡೆಂಡನ್ನು ಈ ಸಲ 8ಕ್ಕೆ ಇಳಿಸಲು ಶಿಫಾರಸು ಮಾಡಿದ್ದೇವೆ. ತೀರ್ಮಾನ ನಿಮ್ಮದು."

ನೋಡಿದಿರಾ, ಇಳಿದದ್ದನ್ನೂ ಹೇಳಿದೆ, ಆದರೂ ಓದಿದರೆ ಸಂಘ ಯಾರದೋ ಕೈಯಲ್ಲಿ ಭದ್ರವಾಗಿದೆ ಅನ್ನಿಸುತ್ತದೆ.

ಅಚ್ಚಿಗೆ ಕೊಡುವ ಮುನ್ನ ಒಂದು ಕೆಲಸ ತಪ್ಪಿಸಬೇಡಿ. ಕರಡು ಸಾಮಾನ್ಯವಾಗಿ ಆಡಿಟ್ ಮುಗಿಯುವ ಮೊದಲೇ ತಯಾರಾಗಿರುತ್ತದೆ. ಬರಬೇಕಾದ ಬಡ್ಡಿಯನ್ನು ಬಂದ ಬಡ್ಡಿಯೆಂದು ಹಿಡಿದಿದ್ದರೆ ಲೆಕ್ಕ ಪರಿಶೋಧಕರು ಅದನ್ನು ತೆಗೆಯುತ್ತಾರೆ, ಆಗ ಲಾಭದ ಅಂಕಿ ಇಳಿಯುತ್ತದೆ. ನಿಮ್ಮ ಮಾತಿನಲ್ಲಿ ಹಳೆಯ ಅಂಕಿ ಉಳಿದುಬಿಟ್ಟರೆ ಅದೇ ಪುಸ್ತಕದ ನಾಲ್ಕು ಪುಟದಾಚೆ ಬೇರೆ ಅಂಕಿ ಕಾಣುತ್ತದೆ, ಸಭೆಯಲ್ಲಿ ಮೊದಲ ಪ್ರಶ್ನೆಯೂ ಅದೇ ಆಗುತ್ತದೆ. ಆದ್ದರಿಂದ ಆಡಿಟ್ ವರದಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತಾಳೆ ನೋಡಿ, ಆಮೇಲೆ ಸಹಿ ಹಾಕಿ.