ಮಬ್ಬು ಮುಖ ತಿಳಿಯಾಗುತ್ತದೆ, ಆದರೆ ಅದು ಅವರದೇ ಮುಖವೇ?

ಕಾಣೆಯಾದವರ ಮಬ್ಬು ಫೋಟೋವನ್ನು ಎಐ ಆ್ಯಪ್‌ನಲ್ಲಿ ತಿಳಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಸುದ್ದಿ ಕಳಿಸುವ ನಮಗೆ ಇಂಥ ಫೋಟೋಗಳು ಬರುತ್ತಲೇ ಇರುತ್ತವೆ. 'ಅಣ್ಣಾ, ಜರಾ ಕ್ಲಿಯರ್ ಮಾಡಿ ಹಾಕ್ರಿ' ಅಂತಾರೆ. ಕೇಳುವವರದು ತಪ್ಪಲ್ಲ. ಮನೆಯ ಹಿರಿಯರದ್ದು ಇರುವುದೇ ಒಂದು ಫೋಟೋ, ಅದೂ ಮದುವೆ ಗುಂಪಿನ ಹಿಂದಿನ ಸಾಲಿನಲ್ಲಿ.

ಅಂಥ ಒಂದು ಫೋಟೋದ ಲೆಕ್ಕ ಹಾಕಿ ನೋಡೋಣ. ಮೊಬೈಲ್ ತೆಗೆದ ಮೂಲ ಫೋಟೋ 4000 ಪಿಕ್ಸೆಲ್ ಅಗಲ ಇದೆ, ಅದರಲ್ಲಿ ಹಿಂದಿನ ಸಾಲಿನ ಮುಖಕ್ಕೆ ಸಿಕ್ಕಿದ್ದು 120 ಪಿಕ್ಸೆಲ್ ಎಂದುಕೊಳ್ಳಿ. ಮುಖದ ಅಗಲ ಸುಮಾರು 15 ಸೆಂ.ಮೀ. ಅಂದರೆ ಒಂದು ಸೆಂ.ಮೀ.ಗೆ 8 ಪಿಕ್ಸೆಲ್. ಕೆನ್ನೆ ಮೇಲಿನ 4 ಮಿ.ಮೀ. ಮಚ್ಚೆಗೆ ಮೂರು ಪಿಕ್ಸೆಲ್ ಬಂತು. ಅದೇ ಫೋಟೋ ವಾಟ್ಸಾಪ್‌ನಲ್ಲಿ ಬರುವಾಗ 1600 ಪಿಕ್ಸೆಲ್‌ಗೆ ಕುಗ್ಗಿದರೆ ಮುಖ 48 ಪಿಕ್ಸೆಲ್ ಆಗುತ್ತದೆ, ಮಚ್ಚೆಗೆ ಒಂದೇ ಒಂದು ಪಿಕ್ಸೆಲ್ ಉಳಿಯುತ್ತದೆ. ಆದ್ದರಿಂದ ನಾವು ಮೊದಲು ಕೇಳುವುದು ಫೋಟೋ ತೆಗೆದ ಮೊಬೈಲ್ ಯಾರ ಹತ್ತಿರ ಇದೆ ಎಂದು. ಅವರಿಂದ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ತರಿಸಿಕೊಂಡರೆ ಅದು ಕುಗ್ಗುವುದಿಲ್ಲ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಮಬ್ಬು ಯಾವ ಥರದ್ದು ಎಂದು ನೋಡಬೇಕು. ಫೋಟೋದಲ್ಲಿ ಎಲ್ಲಾದರೂ ಬಲ್ಬೋ ಹೊಳೆಯುವ ಗುಂಡಿಯೋ ಇದ್ದರೆ ಹಿಗ್ಗಿಸಿ ನೋಡಿ. ಅದು ಗೆರೆಯಂತೆ ಎಳೆದಿದ್ದರೆ ಕೈ ಅಲುಗಿದೆ, ದುಂಡಗೆ ಹರಡಿದ್ದರೆ ಫೋಕಸ್ ತಪ್ಪಿದೆ. ಹರಡಿದ್ದು ಎರಡು ಮೂರು ಪಿಕ್ಸೆಲ್ ಮಾತ್ರವಾದರೆ ಮೊಬೈಲಿನ ಸಾದಾ 'ಶಾರ್ಪನ್' ಸಾಕು. ಅದು ಅಂಚುಗಳಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸ ಹೆಚ್ಚಿಸುತ್ತದೆ ಅಷ್ಟೆ, ಹೊಸದೇನನ್ನೂ ಬರೆಯುವುದಿಲ್ಲ. ಆದರೆ ಹತ್ತು ಪಿಕ್ಸೆಲ್ ಉದ್ದ ಎಳೆದಿದ್ದರೆ ಮೂರು ಪಿಕ್ಸೆಲ್ ಮಚ್ಚೆ ಪಕ್ಕದ ಚರ್ಮದ ಬಣ್ಣದಲ್ಲಿ ಕಲಸಿಹೋಗಿರುತ್ತದೆ. ಹಿಟ್ಟಿನಲ್ಲಿ ಕಲಸಿದ ಉಪ್ಪನ್ನು ಹರಳಾಗಿ ಹೆಕ್ಕಿ ತೆಗೆಯಲು ಆದೀತೇ? ಜೋರಾಗಿ ಶಾರ್ಪನ್ ಮಾಡಿದರೆ ಮಚ್ಚೆ ಬರುವುದಿಲ್ಲ, ಮುಖದ ತುಂಬ ಕಾಳುಕಾಳು ಏಳುತ್ತದೆ.

ಎಐ ಆ್ಯಪ್ ಬರುವುದು ಇಲ್ಲಿಯೇ. 2021ರಲ್ಲಿ ಬಂದ ಜಿಎಫ್‌ಪಿಗ್ಯಾನ್ ಎಂಬ ತಂತ್ರಾಂಶವನ್ನೇ ನೋಡಿ. ಅದು ಫೋಟೋದಲ್ಲಿ ಮುಖ ಹುಡುಕುತ್ತದೆ, ನೇರ ಮಾಡಿ 512 ಪಿಕ್ಸೆಲ್ ಚೌಕಕ್ಕೆ ಕೂರಿಸುತ್ತದೆ, ಮುಖವನ್ನು ಹೊಸದಾಗಿ ಬರೆದು ವಾಪಸ್ ಅಂಟಿಸುತ್ತದೆ. ಅದು ಮುಖ ಬರೆಯಲು ಕಲಿತದ್ದು ಫ್ಲಿಕರ್ ಜಾಲತಾಣದಿಂದ ತೆಗೆದ 70,000 ಫೋಟೋಗಳಿಂದ. ನಮ್ಮ ಅಜ್ಜನ ಮಚ್ಚೆ ಅದಕ್ಕೇನು ಗೊತ್ತು? ಒಂದೇ ಮಬ್ಬಿಗೆ ಹೊಂದುವ ಮುಖಗಳು ನೂರಾರು ಇರುತ್ತವೆ, ಅದು ಒಂದನ್ನು ಆರಿಸಿ ಕೊಡುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ 'ಪಲ್ಸ್' ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮಾ ಅವರ ಕುಗ್ಗಿಸಿದ ಮಬ್ಬು ಫೋಟೋ ಕೊಟ್ಟಾಗ ಯಾರೋ ಬಿಳಿಯರ ಮುಖ ಹೊರಬಂದಿತ್ತು.

ಇಂಥ ಫೋಟೋ ಗುರುತಿಸುವುದು ಕಷ್ಟವಲ್ಲ. ಕಣ್ಣು, ಹಲ್ಲು ಕನ್ನಡಿಯಂತೆ ಸ್ವಚ್ಛ ಇರುತ್ತವೆ, ಕುತ್ತಿಗೆ, ಅಂಗಿಯ ಕಾಲರ್ ಮಾತ್ರ ಮೊದಲಿನಷ್ಟೇ ಮಬ್ಬು. ಕಿವಿಯ ಓಲೆ ಕರಗಿದಂತಿರುತ್ತದೆ. ಅನುಮಾನವಿದ್ದರೆ ನೀವೇ ಪರೀಕ್ಷೆ ಮಾಡಿ. ನಿಮ್ಮದೇ ಒಂದು ಸ್ಪಷ್ಟ ಫೋಟೋ ತೆಗೆದುಕೊಂಡು ಮುಖ 48 ಪಿಕ್ಸೆಲ್ ಆಗುವಷ್ಟು ಕುಗ್ಗಿಸಿ, ಎರಡು ಬೇರೆ ಆ್ಯಪ್‌ಗೆ ಕೊಟ್ಟು, ಬಂದದ್ದನ್ನು ಮೂಲದ ಪಕ್ಕ ಇಟ್ಟು ನೋಡಿ. ಮಚ್ಚೆ, ಸಿಡುಬಿನ ಕಲೆ, ಉದುರಿದ ಹಲ್ಲು ಎಲ್ಲಿ ಹೋದವು ಎಂದು ಹುಡುಕಿ.

ಕಾಣೆಯಾದವರನ್ನು ಜನ ಗುರುತು ಹಿಡಿಯುವುದು ಆ ಕಲೆ, ಆ ಹಲ್ಲಿನಿಂದಲೇ. ಆ್ಯಪ್ ಮೊದಲು ಅಳಿಸುವುದೂ ಅವನ್ನೇ. ಕಳ್ಳತನದ ಸಿಸಿಟಿವಿ ಮುಖಕ್ಕೆ ಹೀಗೆ ಮಾಡುವುದು ಇನ್ನೂ ಅಪಾಯ, ಹೊರಬಂದ ಹೊಸ ಮುಖ ಊರಿನ ಯಾವನೋ ಪಾಪದವನನ್ನು ಹೋಲಬಹುದು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ನ್ಯಾಯಾಲಯ ಕೊಲೆ ಪ್ರಕರಣದಲ್ಲಿ ಎಐನಿಂದ ತಿಳಿ ಮಾಡಿದ ವಿಡಿಯೋವನ್ನು ಸಾಕ್ಷಿಯಾಗಿ ಒಪ್ಪಲಿಲ್ಲ.

ತೀರಿಕೊಂಡವರ ಫೋಟೋಗೆ ಕಟ್ಟು ಹಾಕಿಸುವಾಗ ಮನೆಯವರು ನೋಡಿ 'ಹೌದು, ಇವರೇ' ಎಂದರೆ ನಮ್ಮ ತಕರಾರಿಲ್ಲ. ಮೂಲ ಫೋಟೋ ಮಾತ್ರ ಅಳಿಸಬೇಡಿ. ಕಾಣೆಯಾದವರ ವಿಷಯದಲ್ಲಿ ಮಬ್ಬು ಫೋಟೋವನ್ನೇ ಇದ್ದಂತೆ ಹಾಕಿ, ಕೆಳಗೆ ಬರೆಯಿರಿ: ಎತ್ತರ ಇಷ್ಟು, ಎಡಗೆನ್ನೆ ಮೇಲೆ ಮಚ್ಚೆ, ಮುಂದಿನ ಒಂದು ಹಲ್ಲಿಲ್ಲ, ಬಿಳಿ ಧೋತರ, ಕಡೆಯದಾಗಿ ಕಂಡದ್ದು ಹುಮನಾಬಾದ್ ಬಸ್ ನಿಲ್ದಾಣದಲ್ಲಿ.