ಕೆನ್ನೆಗೆ ಒತ್ತಿ ನೋಡೋ ಟವಲ್

ಟವಲ್ ಅಂಗಡಿಗೆ ಹೋದ್ರೆ ನಾವು ಹೆಂಗಸರು ಮಾಡೋ ಮೊದಲ ಕೆಲಸ ಅದನ್ನ ಕೆನ್ನೆಗೆ ಒತ್ತಿಕೊಳ್ಳೋದು. "ಆಹಾ, ಬೆಣ್ಣೆ ಹಂಗಿದೆ ಕಣೇ" ಅಂತ ಪಕ್ಕದವಳ ಕೈಗೂ ಕೊಡ್ತೀವಿ. ಅಂಗಡಿಯವನಿಗೆ ಬೇಕಾಗಿರೋದೂ ಅದೇ. ಆ ಬೆಣ್ಣೆತನ ಎಷ್ಟೋ ಸಲ ಹತ್ತಿದಲ್ಲ, ನೇಯ್ದಾದ ಮೇಲೆ ಕೊಡೋ ಸಿಲಿಕಾನ್ ಲೇಪದ್ದು. ಹತ್ತಿ ನೀರು ಕುಡಿಯೋ ವಸ್ತು, ಲೇಪ ನೀರನ್ನ ದೂರ ಇಡೋ ವಸ್ತು. ಹಾಗಾಗಿ ಹೊಸ ಟವಲ್ಲಲ್ಲಿ ಮೈ ಒರೆಸಿದ್ರೆ ನೀರು ಮೈಮೇಲೇ ಜಾರಾಡುತ್ತೆ.

ಪರೀಕ್ಷೆ ಸುಲಭ. ಟವಲ್ ಮೇಲೆ ಒಂದು ಹನಿ ನೀರು ಬಿಡಿ. ಎರಡು ಮೂರು ಸೆಕೆಂಡಲ್ಲಿ ಒಳಗೆ ಹೋದ್ರೆ ಸರಿ. ಕೆಸುವಿನ ಎಲೆ ಮೇಲಿನ ಹನಿ ಥರ ದುಂಡಗೆ ಕೂತ್ರೆ ಲೇಪ ಇದೆ ಅಂತ. ಬಿಸಿನೀರಲ್ಲಿ ಮೂರು ನಾಲ್ಕು ಸಲ ಒಗೆದ ಮೇಲೆ ಸಾಮಾನ್ಯವಾಗಿ ಹೋಗುತ್ತೆ. ಅಷ್ಟರಲ್ಲಿ ನಾವೇನು ಮಾಡ್ತೀವಿ? ಮೆತ್ತಗೆ ಇರ್ಲಿ ಅಂತ ಕಂಡೀಷನರ್ ಸುರೀತೀವಿ. ಅದು ಮಾಡೋದೂ ಅದೇ ಕೆಲಸ, ನೂಲಿನ ಮೇಲೆ ಜಿಡ್ಡಿನ ಪದರ ಕೂರಿಸೋದು. ಹೋಗ್ತಿದ್ದ ಲೇಪವನ್ನ ದುಡ್ಡು ಕೊಟ್ಟು ವಾಪಸ್ ಕರೆದ ಹಾಗೆ!

"ಕಂಡೀಷನರ್ ಹಾಕ್ದೇ ಇದ್ರೆ ಹಪ್ಪಳ ಆಗುತ್ತೆ" ಅಂತ ನಮ್ಮ ವೈಟ್‌ಫೀಲ್ಡ್ ಕಡೆಯವರೆಲ್ಲ ಹೇಳ್ತಾರೆ. ಹಪ್ಪಳ ಆಗೋದು ನಿಜ, ಆದ್ರೆ ಅದು ನೀರಿನ ತಪ್ಪು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು ಸರಿ, ಆದರೂ ಎಷ್ಟೋ ಅಪಾರ್ಟ್‌ಮೆಂಟಿನ ಸಂಪಿಗೆ ಬೋರ್ ನೀರು, ಟ್ಯಾಂಕರ್ ನೀರು ಬೀಳ್ತಾನೇ ಇದೆ. ನಲ್ಲಿ ಬಾಯಲ್ಲಿ ಬಿಳೀ ಕಟ್ಟೋ ಸುಣ್ಣದಂಶವೇ ಟವಲ್ ಕುಣಿಕೆಗಳಲ್ಲೂ ಕೂರೋದು. ಗಡಸು ನೀರಲ್ಲಿ ನೊರೆ ಕಮ್ಮಿ ಅಂತ ಪುಡಿ ಜಾಸ್ತಿ ಹಾಕಿದ್ರೆ, ತೊಳೆದು ಹೋಗದೆ ಉಳಿದ ಪುಡಿಯೂ ಅಲ್ಲೇ ಸೇರ್ಕೊಳ್ಳುತ್ತೆ. ಪುಡಿ ಕಮ್ಮಿ ಮಾಡಿ, ಒಂದು ಸಲ ಹೆಚ್ಚು ಜಾಲಿಸಿ. ತಿಂಗಳಿಗೊಮ್ಮೆ ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಬ್ಲೀಚ್ ಮಾತ್ರ ಅದರ ಜೊತೆ ಸೇರಿಸ್ಲೇಬೇಡಿ, ವಿಷದ ಗಾಳಿ ಏಳುತ್ತೆ. ಒಣಗೋಕೆ ಹಾಕೋ ಮುಂಚೆ ಎರಡು ಸಲ ಜೋರಾಗಿ ಕೊಡವಿದ್ರೆ ಕುಣಿಕೆಗಳು ಎದ್ದು ನಿಲ್ಲುತ್ವೆ.

ಇನ್ನೊಂದು ಮರುಳು ದಪ್ಪದ್ದು. ಲೇಬಲ್ ಮೇಲಿನ ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. ಎದುರು ಮನೆ ಅಕ್ಕ ಗೃಹಪ್ರವೇಶಕ್ಕೆ ಕೊಡೋಣ ಅಂತ 600 ಜಿಎಸ್‌ಎಂ ಟವಲ್ ತರಿಸಿದ್ರು. 75 ಸೆಂಟಿಮೀಟರ್ ಅಗಲ, 150 ಉದ್ದ, ಅಂದ್ರೆ 1.125 ಚದರ ಮೀಟರ್. ಲೆಕ್ಕಕ್ಕೆ 675 ಗ್ರಾಂ ಇರಬೇಕು. ಅಡುಗೆಮನೆ ತಕ್ಕಡೀಲಿ ಇಟ್ರೆ 495! ಭಾಗಿಸಿದ್ರೆ 440. ದುಡ್ಡು ಕೊಟ್ಟಿದ್ದು 600ಕ್ಕೆ, ಬಂದಿದ್ದು 440. ಅಕ್ಕ ವಾಪಸ್ ಕಳಿಸಿದ್ರು, ಸರಿಯಾಗೇ ಮಾಡಿದ್ರು. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಮ್ಮ ಮನೆಗಳಿಗೆ ಆ 440ಏ ಸಾಕು ಕಣ್ರೀ. ಜುಲೈ ಮಳೇಲಿ, ಬಿಸಿಲೇ ಬೀಳದ ಯುಟಿಲಿಟಿಯಲ್ಲಿ 600ರದ್ದು ಎರಡು ದಿನ ಆದ್ರೂ ಒಣಗಲ್ಲ, ಮುಗ್ಗಲು ವಾಸನೆ ಶುರು. ಕುಣಿಕೆಯೇ ಇಲ್ಲದ ಅಜ್ಜಿ ಕಾಲದ ತೆಳು ವಸ್ತ್ರ ಬೆಳಗ್ಗೆ ಹಾಕಿದ್ರೆ ಸಂಜೆಗೆ ಗರಿಗರಿ. ಬಂದವರ ಮುಂದೆ ನೇತು ಹಾಕೋಕೆ ನಾಚಿಕೆ ಅಂತೀರಲ್ಲ, ಆ ನಾಚಿಕೆ ಯಾಕೋ ನನಗೆ ಅರ್ಥವೇ ಆಗಿಲ್ಲ.

ಬೆಡ್‌ಶೀಟಲ್ಲೂ ಇದೇ ನುಣುಪಿನ ಮೋಸ. ಸ್ಯಾಟೀನ್ ನೇಯ್ಗೆಯಲ್ಲಿ ಒಂದು ಎಳೆ ಮೂರು ನಾಲ್ಕು ಎಳೆ ದಾಟಿ ಮೇಲೇ ತೇಲುತ್ತೆ, ಅದಕ್ಕೇ ಹೊಳಪು. ಆ ತೇಲೋ ಎಳೆಗೆ ನಮ್ಮ ಕಾಲುಂಗುರ ಸಿಕ್ಕಿದ್ರೆ ಮುಗೀತು. ಒಂದರ ಮೇಲೆ, ಒಂದರ ಕೆಳಗೆ ಹೋಗೋ ಸಾದಾ ನೇಯ್ಗೆ ಮುಟ್ಟೋಕೆ ಸ್ವಲ್ಪ ಒರಟು, ಆದ್ರೆ ಒಗೆದಷ್ಟೂ ಮೆತ್ತಗಾಗುತ್ತೆ. ಥ್ರೆಡ್ ಕೌಂಟ್ 1000 ಅಂತ ಬರೆದಿದ್ರೆ ಬೆರಗಾಗಬೇಡಿ, ಹುರಿ ಮಾಡಿದ ಒಂದೊಂದು ನೂಲಿನ ಒಳಗಿನ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸಿ ಆ ಸಂಖ್ಯೆ ತರ್ತಾರೆ. ಸಾದಾ ನೇಯ್ಗೆಗೆ 200ರಿಂದ 300 ಧಾರಾಳ ಆಯ್ತು. "ಗ್ಲೇಸ್ ಕಾಟನ್" ಅಂತ ಅಗ್ಗಕ್ಕೆ ಸಿಗೋದರಲ್ಲಿ ಎಷ್ಟೋ ಬರೀ ಪಾಲಿಯೆಸ್ಟರ್. ಅಂಚಿಂದ ಒಂದು ಎಳೆ ಕಿತ್ತು, ಸಿಂಕ್ ಹತ್ರ ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಬೂದಿ ಕೈಗೆ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದ್ರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತೆ.

ದಿಂಬಿಗೆ ಒಂದೇ ಮಾತು. ಫೈಬರ್ ದಿಂಬನ್ನ ಮಧ್ಯಕ್ಕೆ ಮಡಚಿ ಕೈ ಬಿಡಿ, ತಾನಾಗೇ ಬಿಚ್ಚಿಕೊಳ್ಳದಿದ್ರೆ ಅದರ ಆಯಸ್ಸು ಮುಗಿದಿದೆ. ಊರಿಂದ ತಂದ ಬೂರುಗದ ಹತ್ತಿ ದಿಂಬನ್ನ ಮಾತ್ರ ಮಷೀನಿಗೆ ಹಾಕ್ಬೇಡಿ, ಗಂಟು ಕಟ್ಟುತ್ತೆ. ಮೇಲಿನ ಗವಸು ಒಗೆದು, ದಿಂಬನ್ನ ಟೆರೇಸ್ ಬಿಸಿಲಿಗೆ ಹಾಕಿ, ಮಧ್ಯಾಹ್ನ ಒಂದು ಸಲ ತಿರುಗಿಸಿದ್ರೆ ಆಯ್ತು.